ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿದ್ದನ್ನು ಈಗಿನ ವಿದ್ಯಾರ್ಥಿಗಳ ತಂದೆ ತಾಯಂದಿರು ಮರೆತಿರಲಾರರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದರೂ ಅದೇ ಬರಹ ಓದಿ ಮತ್ತೆ ಹಿಂತಿರುಗುತ್ತದೆ ಎಂಬುದು ಅಂದಿನ ನಂಬಿಕೆ. ದೆವ್ವಗಳು ಈಗ ಊರು ಬಿಟ್ಟಿರಬಹುದು. ಬರಹ ಮಾತ್ರ ಮನೆಯ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಹೋಗಿ, ‘ಮುಂದಿನ ಕ್ವಾರ್ಟರ್‌ನಲ್ಲಿ ಸಂಪರ್ಕಿಸಿ’ ಎಂಬ ಸಭ್ಯ ರೂಪ ತಾಳಿದೆ. ಅದನ್ನು ಅಕ್ಷರಶಃ ನಂಬಿ ಮೂರು ತಿಂಗಳು ಸುಮ್ಮನಿದ್ದು, ಮತ್ತೆ ಬಂದು ಬಾಗಿಲು ತಟ್ಟುವ ಮಾರಾಟದ ಹುಡುಗ ಹುಡುಗಿಯರ ಗತಿಯೂ ಹೆಚ್ಚು ಕಡಿಮೆ ಆ ದೆವ್ವದ್ದೇ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, 2023ರ ಅಕ್ಟೋಬರ್‌ನಲ್ಲಿ ಪೀಣ್ಯದ ಒಂದು ಪುಟ್ಟ ಕಂಪನಿಗೆ ಸೇರಿದಳು. ಕಾರ್ಖಾನೆಗಳಿಗೆ ಏರ್ ಕಂಪ್ರೆಸರ್ ಮಾರುವ ಕಂಪನಿ ಅದು. ಮಗಳು ಎಂಜಿನಿಯರ್ ಎಂದು ಊರಲ್ಲಿ ಹೇಳಿಕೊಂಡಿದ್ದ ತಾಯಿಗೆ ‘ಸೇಲ್ಸ್’ ಎಂಬ ಪದ ಕಿವಿಗೆ ಬಿದ್ದಾಗ ಅಷ್ಟೇನೂ ಹಿತವಾಗಲಿಲ್ಲ. ಆರು ತಿಂಗಳ ಪ್ರೊಬೇಷನ್, ಮಾರ್ಚ್ 31ರೊಳಗೆ ಇಷ್ಟು ಲಕ್ಷದ ವ್ಯಾಪಾರ ತರಬೇಕೆಂಬ ಗುರಿ, ತಂದರೆ ಕೆಲಸ ಕಾಯಂ ಎಂಬ ಷರತ್ತು ಬೇರೆ.

ಜನವರಿಯಲ್ಲಿ ಅವಳಿಗೆ ದಾಬಸ್‌ಪೇಟೆ ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆ ಸಿಕ್ಕಿತು. ಅಲ್ಲಿನ ಪಿಸ್ಟನ್ ಕಂಪ್ರೆಸರ್ ಹಳೆಯದು, 30 ಅಶ್ವಶಕ್ತಿಯದು. ಮೆಂಟೆನೆನ್ಸ್ ವಿಭಾಗದ ಮುಖ್ಯಸ್ಥರು ಮಧ್ಯವಯಸ್ಸಿನವರು. ಹೊಸ ಸ್ಕ್ರೂ ಕಂಪ್ರೆಸರ್ ಬೇಕೆಂದು ಅವರೇ ಹೇಳಿದರು, ಎರಡು ಸಲ ಕೂರಿಸಿ ಚಹಾ ಕೊಟ್ಟರು, ಅದೇ ಸಾಮರ್ಥ್ಯದ ಯಂತ್ರಕ್ಕೆ ಆರು ಲಕ್ಷ ಚಿಲ್ಲರೆಯ ಕೊಟೇಶನ್ ತರಿಸಿಕೊಂಡರು. ಹುಡುಗಿ ಮನಸ್ಸಿನಲ್ಲೇ ಕೆಲಸ ಕಾಯಂ ಮಾಡಿಕೊಂಡಳು. ಫೆಬ್ರವರಿ 20, 2024ರಂದು ಇಮೇಲ್ ಬಂತು: ‘ಈ ವರ್ಷದ ಬಜೆಟ್ ಮುಗಿದಿದೆ. ದಯವಿಟ್ಟು ಮುಂದಿನ ಕ್ವಾರ್ಟರ್‌ನಲ್ಲಿ ಸಂಪರ್ಕಿಸಿ.’

ಅಂದು ರಾತ್ರಿ ಫೋನಿನಲ್ಲಿ ಅವಳು ಇದನ್ನು ಹೇಳಿದಾಗ ತಾಯಿ ಕೇಳಿದ್ದು, ‘ಯಾವ ಕ್ವಾರ್ಟರ್ಸು? ಅವರಿಗೆ ಸರ್ಕಾರಿ ಮನೆ ಕೊಟ್ಟಿದಾರಾ?’ ಎಂದು.

ಹುಡುಗಿ ತಡಮಾಡದೆ ಉತ್ತರ ಬರೆದಿಟ್ಟಳು. ಮಾರ್ಚ್ 31ರೊಳಗೆ ಆರ್ಡರ್ ಕೊಟ್ಟರೆ ಶೇಕಡಾ 10 ರಿಯಾಯಿತಿ, ಏಪ್ರಿಲ್‌ನಿಂದ ಬೆಲೆ ಏರಿಕೆ, ಸ್ಟಾಕ್ ಕೊಂಚವೇ ಉಳಿದಿದೆ, ಇತ್ಯಾದಿ. ಕಳಿಸುವ ಮುಂಚೆ ಆಫೀಸಿನ ಹಿರಿಯ ಮಾರಾಟಗಾರರಿಗೆ ತೋರಿಸಿದ್ದು ಅವಳ ಪುಣ್ಯ. ಪೀಣ್ಯದಲ್ಲಿ ಮೂವತ್ತು ವರ್ಷ ಚಪ್ಪಲಿ ಸವೆಸಿದ ಮನುಷ್ಯ ಅವರು. ಓದಿ ನಕ್ಕರು.

‘ನೋಡಮ್ಮ, ದುಡ್ಡಿಲ್ಲ ಅಂತ ಅವರು ಹೇಳಿದಾರೆ. ದುಡ್ಡಿಲ್ಲದವರಿಗೆ ರಿಯಾಯಿತಿ ಕೊಟ್ಟರೆ ದುಡ್ಡು ಹುಟ್ಟುತ್ತಾ? ನಿನ್ನ ಮೊದಲನೇ ಬೆಲೆ ಸುಳ್ಳು ಅನ್ನೋದು ಮಾತ್ರ ಗೊತ್ತಾಗುತ್ತೆ. ಏಪ್ರಿಲ್‌ನಲ್ಲಿ ಮಾತು ಶುರುವಾಗೋದೇ ಆ ಹತ್ತು ಪರ್ಸೆಂಟ್ ಕೆಳಗಿನಿಂದ.’

ಆಮೇಲೆ ಅವರು ಕೇಳಿದ ಪ್ರಶ್ನೆ ಹುಡುಗಿಗೆ ಹೊಳೆದೇ ಇರಲಿಲ್ಲ. ಏಪ್ರಿಲ್‌ನಲ್ಲಿ ಆ ಕಾರ್ಖಾನೆಗೆ ದುಡ್ಡು ಎಲ್ಲಿಂದ ಬರುತ್ತದೆ? ಹೊಸ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದು ನಿಜ. ಆದರೆ ಯಾವ ಯಂತ್ರಕ್ಕೆ ಎಷ್ಟು ಎಂಬ ಪಟ್ಟಿ ಅಂದು ಆಕಾಶದಿಂದ ಉದುರುವುದಿಲ್ಲ. ವಿಭಾಗದ ಮುಖ್ಯಸ್ಥರು ತಮಗೆ ಬೇಕಾದುದನ್ನು ಹಿಂದಿನ ಎರಡು ಮೂರು ತಿಂಗಳಲ್ಲೇ ಬರೆದು ಲೆಕ್ಕಪತ್ರ ವಿಭಾಗಕ್ಕೆ ಕೊಡುತ್ತಾರೆ, ಅಲ್ಲಿ ಕತ್ತರಿ ಪ್ರಯೋಗವಾಗಿ ಉಳಿದದ್ದು ಮಾಲೀಕರ ಮುಂದೆ ಹೋಗುತ್ತದೆ. ಎಂದರೆ ‘ಮುಂದಿನ ಕ್ವಾರ್ಟರ್’ನಲ್ಲಿ ಆಗಬೇಕಾದ ಖರೀದಿಯ ಭವಿಷ್ಯ ಈ ಕ್ವಾರ್ಟರ್‌ನಲ್ಲೇ ಬರೆಯಲ್ಪಡುತ್ತದೆ. ಪಟ್ಟಿಯಲ್ಲಿ ಯಂತ್ರದ ಹೆಸರೇ ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಎಷ್ಟು ನಗುಮುಖದಿಂದ ಹೋದರೂ ಸಿಗುವುದು ಇನ್ನೊಂದು ಚಹಾ ಮಾತ್ರ.

ಎಲ್ಲ ಕಂಪನಿಗಳ ವರ್ಷವೂ ಏಪ್ರಿಲ್‌ಗೆ ಹುಟ್ಟುವುದಿಲ್ಲ ಎಂಬುದನ್ನೂ ಹಿರಿಯರು ಹೇಳಿದರು. ಯುರೋಪು, ಅಮೆರಿಕದ ಮೂಲ ಕಂಪನಿಗಳ ಅನೇಕ ಶಾಖೆಗಳು ತಮ್ಮ ಒಳಗಿನ ಬಜೆಟ್ಟನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಹಾಕಿಕೊಂಡಿರುತ್ತವೆ. ಅಂಥವರು ನವೆಂಬರ್‌ನಲ್ಲಿ ಹೇಳುವ ‘ಮುಂದಿನ ಕ್ವಾರ್ಟರ್’ ಹೊಸ ಬಜೆಟ್ಟಿನದು. ಫೆಬ್ರವರಿಯಲ್ಲಿ ಹೇಳಿದರೆ ಬಹುಶಃ ಬಜೆಟ್ಟಿಗೂ ಆ ಮಾತಿಗೂ ಸಂಬಂಧವೇ ಇಲ್ಲ, ಅದು ಮರ್ಯಾದೆಯ ನಿರಾಕರಣೆ.

ಹುಡುಗಿಯ ಒಂದೂವರೆ ಪುಟದ ಉತ್ತರ ಹರಿದುಹೋಗಿ, ಮರುದಿನ ಕಳಿಸಿದ್ದು ಇಷ್ಟೇ:

‘ನಮಸ್ಕಾರ ಸರ್. ಈ ವರ್ಷದ ಬಜೆಟ್ ಮುಗಿದಿರುವ ವಿಷಯ ತಿಳಿಸಿದ್ದಕ್ಕೆ ವಂದನೆಗಳು. ಈ ವರ್ಷದ ಖರೀದಿಯ ಬಗ್ಗೆ ಇನ್ನು ಕೇಳುವುದಿಲ್ಲ. ಏಪ್ರಿಲ್ 22, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡುತ್ತೇನೆ, ಬೇರೆ ದಿನ ಅನುಕೂಲವಾದರೆ ತಿಳಿಸಿ. ಒಂದೇ ಒಂದು ಪ್ರಶ್ನೆ. ಮುಂದಿನ ವರ್ಷದ ಪಟ್ಟಿಗೆ ಕಂಪ್ರೆಸರ್ ಈಗಾಗಲೇ ಸೇರಿದೆಯೇ, ಇನ್ನು ಸೇರಬೇಕೇ? ಇನ್ನು ಸೇರಬೇಕಿದ್ದರೆ, ಅದರ ಜೊತೆ ಇಡಲು ಬೇಕಾಗುವ ಒಂದು ಪುಟದ ಲೆಕ್ಕವನ್ನು ನಿಮ್ಮದೇ ಕಾರ್ಖಾನೆಯ ಅಂಕಿಗಳಿಂದ ಮಾಡಿಕೊಡುತ್ತೇನೆ.’

ಏಪ್ರಿಲ್ 1 ಬಿಟ್ಟು 22 ಏಕೆಂದರೆ, ವರ್ಷಾಂತ್ಯದ ಲೆಕ್ಕ ಮುಚ್ಚುವ ಗಡಿಬಿಡಿಯಲ್ಲಿ ಏಪ್ರಿಲ್‌ನ ಮೊದಲ ಎರಡು ವಾರ ಯಾರಿಗೂ ತಲೆ ನೆಟ್ಟಗಿರುವುದಿಲ್ಲ, ಮಂಜೂರಾದ ಹಣದ ಸುದ್ದಿ ವಿಭಾಗಗಳಿಗೆ ಇಳಿಯುವುದೂ ತಡ. ದಿನ ಮತ್ತು ಗಂಟೆ ಬರೆದದ್ದಕ್ಕೂ ಕಾರಣ ಉಂಟು. ‘ಏಪ್ರಿಲ್‌ನಲ್ಲಿ ಮಾತಾಡೋಣ’ ಎಂದು ಬಿಟ್ಟರೆ ಆಗ ಮಾಡುವ ಫೋನು ಪೀಡೆಯಾಗುತ್ತದೆ. ತಾರೀಖು ಹೇಳಿ, ಅವರು ಬೇಡವೆನ್ನದಿದ್ದರೆ, ಅದೇ ಫೋನು ಕೊಟ್ಟ ಮಾತು ನಡೆಸಿದಂತೆ. ಇನ್ನು ಆ ಒಂದು ಪ್ರಶ್ನೆ. ನಿಜವಾಗಿ ಕೊಳ್ಳುವ ಮನಸ್ಸಿದ್ದವರಿಗೆ ಅದು ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಸಾಗಹಾಕಲು ಹೊರಟವರು ಅದಕ್ಕೆ ಉತ್ತರ ಕೊಡುವುದೇ ಇಲ್ಲ, ಅಥವಾ ‘ನೋಡೋಣ’ ಎನ್ನುತ್ತಾರೆ.

ಎರಡು ದಿನ ಬಿಟ್ಟು ಉತ್ತರ ಬಂತು. ‘ಇನ್ನೂ ಸೇರಿಸಿಲ್ಲ. ಪಟ್ಟಿ ಶಿವರಾತ್ರಿಗೆ ಮುಂಚೆ ಕೊಡಬೇಕು. ನಿಮ್ಮ ಲೆಕ್ಕ ಕೊಡಿ.’ ಆ ವರ್ಷ ಶಿವರಾತ್ರಿ ಮಾರ್ಚ್ 8ಕ್ಕೆ. ಸುಮ್ಮನಿದ್ದಿದ್ದರೆ ಗಾಡಿ ತಪ್ಪುತ್ತಿತ್ತು.

ಮಾರ್ಚ್ 3ರ ಭಾನುವಾರ ಕಾರ್ಖಾನೆಗೆ ರಜೆ. ಅನುಮತಿ ಪಡೆದು ಹುಡುಗಿ ಅಲ್ಲಿಗೆ ಹೋದಳು. ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿದ್ದವು. ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ, ಕೈಯಲ್ಲಿ ಮೊಬೈಲಿನ ಗಡಿಯಾರ ಹಿಡಿದು ನಿಂತಳು. ಈ ಪರೀಕ್ಷೆ ಬಲು ಸರಳ, ಹೈಸ್ಕೂಲಿನ ಗಣಿತ ಸಾಕು. ಯಾರೂ ಗಾಳಿ ಬಳಸದಿದ್ದಾಗ, ಕೊಳವೆಗಳಲ್ಲಿ ಒತ್ತಡ ತುಂಬಿದ ಮೇಲೆ ಕಂಪ್ರೆಸರ್ ಗಾಳಿ ತಳ್ಳುವುದನ್ನು ನಿಲ್ಲಿಸಿ ಖಾಲಿ ತಿರುಗುತ್ತಾ ಇರಬೇಕು. ಎಲ್ಲೋ ಸೋರಿಕೆ ಇದ್ದರೆ ಒತ್ತಡ ಇಳಿಯುತ್ತದೆ, ಯಂತ್ರ ಮತ್ತೆ ಗಾಳಿ ತಳ್ಳಲು ತೊಡಗುತ್ತದೆ. ಒಂದೂವರೆ ನಿಮಿಷ ತಳ್ಳುವುದು, ಮೂರೂವರೆ ನಿಮಿಷ ಖಾಲಿ ತಿರುಗುವುದು, ಮತ್ತೆ ಒಂದೂವರೆ. ಹತ್ತು ಸಲ ಅಳೆದು ಸರಾಸರಿ ತೆಗೆದರೂ ಅದೇ ಬಂತು. ಐದು ನಿಮಿಷದಲ್ಲಿ ಒಂದೂವರೆ ಎಂದರೆ ಶೇಕಡಾ 30. ಕಂಪ್ರೆಸರ್‌ನ ಸಾಮರ್ಥ್ಯದಲ್ಲಿ ಶೇಕಡಾ 30ರಷ್ಟು ಗಾಳಿ ಯಾರ ಕೆಲಸಕ್ಕೂ ಬಾರದೆ ತೂತುಗಳಿಂದ ಹೊರಗೆ ಹೋಗುತ್ತಿತ್ತು.

ಮೌನವಾಗಿದ್ದ ಕಾರ್ಖಾನೆಯಲ್ಲಿ ಆ ತೂತುಗಳು ಸುಯ್ ಎಂದು ಕಿವಿಗೇ ಕೇಳುತ್ತಿದ್ದವು. ಸಂದೇಹ ಬಂದ ಕೀಲುಗಳಿಗೆ ಕಾವಲುಗಾರನ ಸಹಾಯದಿಂದ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತಿತ್ತು. ಸಿಕ್ಕ ಕಡೆಯಲ್ಲೆಲ್ಲ ಬಣ್ಣದ ಟೇಪು ಕಟ್ಟಿ ಬಂದಳು.

ಲೆಕ್ಕ ಹೀಗೆ ಬಂತು. 30 ಅಶ್ವಶಕ್ತಿ ಎಂದರೆ ಸುಮಾರು 22 ಕಿಲೋವಾಟ್. ಅದರ ಶೇಕಡಾ 30 ಎಂದರೆ 6.6 ಕಿಲೋವಾಟ್. ದಿನಕ್ಕೆ ಎರಡು ಪಾಳಿಯಂತೆ 16 ಗಂಟೆ, ತಿಂಗಳಿಗೆ 25 ದಿನ, ಒಟ್ಟು 400 ಗಂಟೆ. 2,640 ಯೂನಿಟ್ ವಿದ್ಯುತ್ತು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 18,480 ರೂಪಾಯಿ ತೂತಿನಲ್ಲಿ ಹೋಗುತ್ತಿದೆ.

ಇಲ್ಲಿಯವರೆಗೆ ಎಲ್ಲ ಚೆಂದ. ತೊಡಕು ಶುರುವಾದದ್ದು ಮುಂದೆ. ಈ ಸೋರಿಕೆ ಕಂಪ್ರೆಸರ್‌ನ ತಪ್ಪಲ್ಲ, ಕೊಳವೆಗಳದು. ಹೊಸ ಯಂತ್ರ ತಂದು ಕೂರಿಸಿದರೂ ಹಳೆಯ ತೂತು ಹಳೆಯ ತೂತೇ. ಅದನ್ನು ಸರಿಪಡಿಸಲು ಬೇಕಾದದ್ದು ಹೊಸ ಪೈಪು, ವಾಷರು, ಕ್ಲಾಂಪು, ಇಬ್ಬರು ಫಿಟ್ಟರುಗಳ ಎರಡು ಭಾನುವಾರ. ಜೊತೆಗೆ ಇನ್ನೊಂದು ಸಂಗತಿ. ಕೆಲಸದ ದಿನಗಳಲ್ಲಿ ಆ ಯಂತ್ರದ ಮೇಲೆ ಬೀಳುತ್ತಿದ್ದ ಭಾರ ಶೇಕಡಾ 75ರಷ್ಟು. ಸೋರಿಕೆಯನ್ನು 30ರಿಂದ 10ಕ್ಕೆ ಇಳಿಸಿದರೆ ಭಾರ 55ಕ್ಕೆ ಇಳಿಯುತ್ತದೆ, ಎಂದರೆ ಸುಮಾರು 12 ಕಿಲೋವಾಟ್. ಅಷ್ಟಕ್ಕೆ 22 ಕಿಲೋವಾಟಿನ ಹೊಸ ಯಂತ್ರ ಯಾಕೆ? 15 ಕಿಲೋವಾಟಿನದು ಸಾಕು. ಅದರ ಬೆಲೆ ನಾಲ್ಕು ಲಕ್ಷದ ಆಸುಪಾಸು. ತನ್ನ ಕೊಟೇಶನ್ನಿನಿಂದ ಎರಡು ಲಕ್ಷವನ್ನು ತಾನೇ ಕತ್ತರಿಸುವ ಲೆಕ್ಕ ಅದು.

ಬರೆಯದೆ ಬಿಡಬಹುದಿತ್ತು. ಭಾನುವಾರ ಅಲ್ಲಿ ಇದ್ದದ್ದು ಅವಳು ಮತ್ತು ಕಾವಲುಗಾರ. ಆದರೆ ಟೇಪು ಕಟ್ಟಿಯಾಗಿದೆ. ಸೋಮವಾರ ಫಿಟ್ಟರುಗಳು ನೋಡುತ್ತಾರೆ, ತಿಂಗಳೆರಡರಲ್ಲಿ ಸೋರಿಕೆ ನಿಂತಾಗ ಯಂತ್ರ ದೊಡ್ಡದಾಯಿತೆಂದು ಯಾರಿಗಾದರೂ ಹೊಳೆಯುತ್ತದೆ. ಅವಳು ಎರಡನ್ನೂ ಬರೆದಳು, ಒಂದೇ ಪುಟದಲ್ಲಿ. ಮಾರ್ಚ್ 5ಕ್ಕೆ ಕಾರ್ಖಾನೆಗೆ ಹೋಗಿ ಒಂದು ಪ್ರತಿ ಮೆಂಟೆನೆನ್ಸ್ ಮುಖ್ಯಸ್ಥರಿಗೆ ಕೊಟ್ಟಳು. ಅವರ ಒಪ್ಪಿಗೆ ಕೇಳಿ ಇನ್ನೊಂದು ಪ್ರತಿಯನ್ನು ಲೆಕ್ಕಪತ್ರ ವಿಭಾಗದ ಮಹಿಳೆಯ ಮೇಜಿಗೂ ಮುಟ್ಟಿಸಿದಳು. ಆ ಎರಡನೆಯ ಪ್ರತಿ ಹಿರಿಯರ ಸಲಹೆ. ಆಗ ಅವಳಿಗೆ ಅದರ ಅರ್ಥವಾಗಿರಲಿಲ್ಲ.

ಮಾರ್ಚ್ 31 ಬಂತು, ಹೋಯಿತು. ಗುರಿ ಮುಟ್ಟಲಿಲ್ಲ. ಅವಳ ಕಂಪನಿ ಅವಳ ಪ್ರೊಬೇಷನ್ನನ್ನು ಮೂರು ತಿಂಗಳು ಮುಂದೂಡಿ, ಕಾಯಂ ಮಾಡುವುದನ್ನು ‘ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ’ ಎಂದಿತು.

ಇಂಥ ಹೊತ್ತಿನಲ್ಲಿ ಸಂಬಂಧ ಜೀವಂತವಾಗಿಡಬೇಕೆಂದು ಹೊರಟವರು ಮಾಡುವ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಹಬ್ಬಕ್ಕೊಂದು ದೀಪ, ವಾರಕ್ಕೊಮ್ಮೆ ‘ಏನಾದರೂ ಅಪ್‌ಡೇಟ್ ಇದೆಯಾ ಸರ್?’ ಮೊದಲೆರಡು ಓದದೆ ಅಳಿಸಲ್ಪಡುತ್ತವೆ, ಮೂರನೆಯದು ಸಾಲ ವಸೂಲಿಯ ದನಿಯಂತೆ ಕೇಳುತ್ತದೆ. ಹುಡುಗಿ ಮಾರ್ಚ್ 5ರಿಂದ ಏಪ್ರಿಲ್ 22ರವರೆಗೆ ಆ ಕಾರ್ಖಾನೆಗೆ ಕಳಿಸಿದ್ದು ಒಂದೇ ಸಂದೇಶ. ಯುಗಾದಿ ಕಳೆದು ಬಿಸಿಲು ಏರಿದಾಗ, ಅಲ್ಲಿನ ಕಂಪ್ರೆಸರ್ ಕೋಣೆಗೆ ಕಿಟಕಿ ಇಲ್ಲದ್ದು ಅವಳಿಗೆ ನೆನಪಾಯಿತು. ಒಳಗೆ ಎಳೆಯುವ ಗಾಳಿ 4 ಡಿಗ್ರಿ ಬಿಸಿಯಾದರೆ ಅಷ್ಟೇ ಕೆಲಸಕ್ಕೆ ವಿದ್ಯುತ್ತು ಸುಮಾರು ಶೇಕಡಾ 1 ಹೆಚ್ಚು ಬೇಕಾಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. ‘ಗಾಳಿಯನ್ನು ಹೊರಗಿನ ನೆರಳಿನ ಕಡೆಯಿಂದ ಎಳೆಯುವಂತೆ ಒಂದು ಕೊಳವೆ ಹಾಕಿಸಿ ಸರ್, ನಿಮ್ಮ ತಗಡಿನ ಕೆಲಸದವರೇ ಮಾಡಿಯಾರು’ ಎಂದು ಬರೆದಳು. ಕೊಟೇಶನ್ ಜೊತೆಗಿರಲಿಲ್ಲ, ಉತ್ತರವನ್ನೂ ಕೇಳಿರಲಿಲ್ಲ.

ಏಪ್ರಿಲ್ 22, ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ‘ನಿಮ್ಮ ಫೋನಿಗೇ ಕಾಯ್ತಿದ್ದೆ ಮೇಡಂ’ ಎಂದರು ಮುಖ್ಯಸ್ಥರು. ಪಟ್ಟಿಯಲ್ಲಿ ಯಂತ್ರ ಸೇರಿತ್ತು, ಹಣವೂ ಮಂಜೂರಾಗಿತ್ತು. ಆದರೆ ಮಾಲೀಕರ ಸಹಿ ಮೇ ಕೊನೆಯ ವಾರಕ್ಕೆ. ಮತ್ತೆ ‘ನಾಳೆ ಬಾ’!

ಆ ವಾರ, ಏಪ್ರಿಲ್ 26ಕ್ಕೆ, ಲೋಕಸಭೆ ಚುನಾವಣೆಗೆ ಮತ ಹಾಕಲು ಅವಳು ಊರಿಗೆ ಹೋಗಿದ್ದಳು. ತಂದೆ ಮಗಳ ಮುಖ ನೋಡಿ ವಿಷಯ ಕೇಳಿದರು. ತಿಪಟೂರಿನ ಉಂಡೆ ಕೊಬ್ಬರಿ ಒಂದು ದಿನದಲ್ಲಿ ಆಗುವ ಪದಾರ್ಥವಲ್ಲ. ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಡಲು ಹತ್ತು ಹನ್ನೊಂದು ತಿಂಗಳಾದರೂ ಬೇಕು.

‘ಒಡೆದು ನೋಡಿದರೆ ಕಾಯಿ ಹಾಳು ಕಣಮ್ಮ. ಅದಕ್ಕೇ ಅಲ್ಲಾಡಿಸಿ ನೋಡೋದು. ಲೊಟಲೊಟ ಅಂದರೆ ಇನ್ನೂ ನೀರಿದೆ, ಗಟಗಟ ಅಂತ ಉಂಡೆ ಉರುಳಿದರೆ ಆಯ್ತು. ಏನೂ ಸದ್ದೇ ಬರದಿದ್ದರೆ ಒಳಗೆ ಕೊಳೆತಿರಬೋದು. ಸಹಿ ಯಾರದು, ಯಾವಾಗ ಅಂತ ಅವನು ಹೇಳಿದನಲ್ಲ. ಸದ್ದು ಬಂತಲ್ಲ.’

ಕೊಬ್ಬರಿ ಮಂಡಿಯ ಈ ಪರೀಕ್ಷೆ ಕಂಪ್ರೆಸರ್‌ಗೂ ಒಪ್ಪುತ್ತದೆ. ಮುಂದೂಡಿಕೆ ಎರಡನೇ ಸಲವಾದರೂ ಅದರಲ್ಲಿ ಹೊಸ ಕಾರಣ, ಒಬ್ಬ ವ್ಯಕ್ತಿ, ಒಂದು ತಾರೀಖು ಇದ್ದರೆ ಕೆಲಸ ಮುಂದೆ ಸಾಗಿದೆಯೆಂದೇ ಅರ್ಥ. ಅದೇ ಹುಡುಗಿಯ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು, ರಾಜಾಜಿನಗರದ ಒಂದು ಕಾರ್ಖಾನೆ. ಅವಳಿಗಿಂತ ಮುಂಚೆ ಇದ್ದವರ ಕಾಲದಿಂದಲೂ ನಾಲ್ಕು ಕ್ವಾರ್ಟರ್ ಅಲ್ಲಿಂದ ಬಂದ ಉತ್ತರ ಒಂದೇ ಪದವೂ ಬದಲಾಗದೆ ಒಂದೇ ಆಗಿತ್ತು. ಸೋರಿಕೆ ಪರೀಕ್ಷೆ ಪುಕ್ಕಟೆ ಮಾಡಿಕೊಡುತ್ತೇನೆಂದರೂ ಬೇಡವೆಂದಿದ್ದರು. ಅವರಿಗೆ ಅವಳು ಮೇ ತಿಂಗಳಲ್ಲಿ ಬರೆದದ್ದು ಎರಡು ಸಾಲು: ಸದ್ಯಕ್ಕೆ ನಿಮಗೆ ಇದರ ಅಗತ್ಯವಿಲ್ಲವೆಂದು ತಿಳಿದು ಕಡತ ಮುಚ್ಚುತ್ತಿದ್ದೇನೆ, ಎಂದಾದರೂ ಬೇಕಾದರೆ ಈ ನಂಬರಿಗೆ ಫೋನ್ ಮಾಡಿ. ಅಂಥ ಪತ್ರಕ್ಕೆ ಕೆಲವರು ಥಟ್ಟನೆ ಉತ್ತರ ಬರೆಯುವುದುಂಟು. ಇವರು ಬರೆಯಲಿಲ್ಲ. ಅವಳ ವಾರದ ಅರ್ಧ ಗಂಟೆ ಉಳಿಯಿತು.

ನಿಜವಾದ ಗಡುವುಗಳೂ ಇರುತ್ತವೆ, ಅವನ್ನು ಹೇಳುವುದರಲ್ಲಿ ತಪ್ಪಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ, ಹೊಸ ಯಂತ್ರ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಸವಕಳಿ ಅರ್ಧ ಮಾತ್ರ ಸಿಗುತ್ತದೆ. ಜುಲೈನಲ್ಲಿ ‘ಮುಂದಿನ ಕ್ವಾರ್ಟರ್’ ಎನ್ನುವ ಮಾಲೀಕರಿಗೆ, ಅಕ್ಟೋಬರ್ 3ರೊಳಗೆ ಯಂತ್ರ ಓಡಲು ಶುರುವಾದರೆ ಪೂರ್ತಿ ಸವಕಳಿ ಎಂದು ನೆನಪಿಸಿ, ಅವರ ಆಡಿಟರನ್ನೇ ಕೇಳಿಕೊಳ್ಳಲು ಹೇಳಬಹುದು. ‘ಸ್ಟಾಕ್ ಕೊಂಚವೇ ಇದೆ’ ಎಂಬುದು ಆ ಜಾತಿಯ ಗಡುವಲ್ಲ.

ಮೇ ಕೊನೆಯ ವಾರ ಬಂದಾಗ ದಾಬಸ್‌ಪೇಟೆಯ ಮುಖ್ಯಸ್ಥರ ಮೊಬೈಲು ರಿಂಗಾಯಿತು, ಆದರೆ ಅವರು ಆ ಕಾರ್ಖಾನೆಯಲ್ಲಿರಲಿಲ್ಲ. ಕೆಲಸ ಬಿಟ್ಟು ಹೊಸೂರಿನ ಕಡೆ ಸೇರಿದ್ದರು. ಅವರ ಜಾಗಕ್ಕೆ ಬಂದ ಕಿರಿಯರಿಗೆ ಹುಡುಗಿ ಯಾರೆಂದೇ ಗೊತ್ತಿಲ್ಲ, ಕಂಪ್ರೆಸರ್ ವಿಷಯವೂ ಗೊತ್ತಿಲ್ಲ. ‘ನಾನು ಈಗ ತಾನೇ ಬಂದಿದೀನಿ, ಮುಂದಿನ...’ ಎಂದು ಶುರುಮಾಡಿದರು. ಮಾರಾಟಗಾರರು ಕಂಪನಿಯ ಜೊತೆ ಸಂಬಂಧ ಬೆಳೆಸಿದ್ದೇವೆಂದು ತಿಳಿದಿರುತ್ತಾರೆ. ಸಂಬಂಧ ಇರುವುದು ಒಬ್ಬ ಮನುಷ್ಯನ ಜೊತೆ, ಮನುಷ್ಯರು ಕೆಲಸ ಬಿಡುತ್ತಾರೆ. ಹುಡುಗಿ ಆಗ ಫೋನ್ ಮಾಡಿದ್ದು ಲೆಕ್ಕಪತ್ರ ವಿಭಾಗದ ಮಹಿಳೆಗೆ.

‘ಆ ತೂತಿನ ಲೆಕ್ಕದವರಾ?’ ಎಂದರು ಆಕೆ. ಪುಟ ಇನ್ನೂ ಅವರ ಫೈಲಿನಲ್ಲೇ ಇತ್ತು. ಎರಡು ಲಕ್ಷ ಕಡಿಮೆ ಮಾಡಿ ಕೊಟೇಶನ್ ಕೊಟ್ಟವರನ್ನು ತಾವು ಆ ಕುರ್ಚಿಯಲ್ಲಿ ಕೂತ ಮೇಲೆ ನೋಡಿರಲಿಲ್ಲ, ಅದಕ್ಕೇ ಮಾಲೀಕರಿಗೂ ತೋರಿಸಿದ್ದೆ ಎಂದರು. ಹೊಸ ಮುಖ್ಯಸ್ಥರನ್ನು ಕೂರಿಸಿಕೊಂಡು ಆಕೆಯೇ ವಿಷಯ ಹೇಳಿದರು. ಜೂನ್ ಎರಡನೇ ವಾರ 15 ಕಿಲೋವಾಟ್ ಯಂತ್ರಕ್ಕೆ ಆರ್ಡರ್ ಬಂತು, ಶೇಕಡಾ 30 ಮುಂಗಡದೊಂದಿಗೆ. ತಿಂಗಳ ಕೊನೆಗೆ ಹುಡುಗಿಯ ಕೆಲಸವೂ ಕಾಯಂ ಆಯಿತು. ಗುರಿಗೆ ಇನ್ನೂ ಕೊಂಚ ಕೊರತೆಯಿತ್ತು, ಹಿರಿಯರು ಮಾಲೀಕರ ಕೋಣೆಗೆ ಹೋಗಿ ಏನು ಹೇಳಿದರೋ ತಿಳಿಯದು.

ಜುಲೈನಲ್ಲಿ ಹೊಸೂರಿನಿಂದ ಫೋನು. ಹಳೆಯ ಮುಖ್ಯಸ್ಥರದು.

‘ಮೇಡಂ, ಇಲ್ಲೂ ಒಂದು ಭಾನುವಾರ ಬಂದು ತೂತು ಲೆಕ್ಕ ಹಾಕಿಕೊಡ್ತೀರಾ? ಯಂತ್ರ ಮಾತ್ರ ಈಗ ಆಗಲ್ಲ, ಮುಂದಿನ ವರ್ಷದ ಬಜೆಟ್ಟಿಗೆ.’

‘ಆಗಲಿ ಸರ್. ಅಲ್ಲಿ ವರ್ಷ ಯಾವ ತಿಂಗಳಿಗೆ ಶುರುವಾಗುತ್ತೆ?’

‘ಜರ್ಮನಿ ಕಂಪನಿ ಮೇಡಂ. ಜನವರಿಗೆ.’

ಹುಡುಗಿ ಪುಸ್ತಕ ತೆಗೆದು ಅಕ್ಟೋಬರ್‌ನ ಮೊದಲನೇ ಭಾನುವಾರದ ಎದುರು ಅವರ ಹೆಸರು ಬರೆದುಕೊಂಡಳು.